ಚೆಲ್ಲಬೇಕಾದ ಐಸು

ಐಸ್ ಮೆಷೀನಿನ ಹೊಟ್ಟೆಯೊಳಗೆ ಭುಜದವರೆಗೂ ಕೈ ಹಾಕಿ ಕೆಲಸ ಮಾಡುತ್ತಿದ್ದವಳು ಆ ಹೋಟೆಲಿನಲ್ಲಿ ಕಲ್ಯಾಣಿ ಒಬ್ಬಳೇ. ಜೆ.ಪಿ. ನಗರದ ದೊಡ್ಡ ರಸ್ತೆಗೆ ಮುಖ ಮಾಡಿದ, ಭಾನುವಾರ ಬಂತೆಂದರೆ ಮೆಟ್ಟಿಲ ಕೆಳಗಿನ ತನಕ ಜನ ಕಾದು ನಿಲ್ಲುವ ಹೋಟೆಲು ಅದು. ಒಳಗೆ ಕೂತ ಮಕ್ಕಳು ಮೋಸಂಬಿ ಜ್ಯೂಸಿನ ಲೋಟ ಅಲ್ಲಾಡಿಸಿ, ಐಸಿನ ಸದ್ದಿಗೆ ಕಿಲಕಿಲ ನಗುತ್ತಿದ್ದವು. ಆ ಐಸು ಗಾಜಿನಷ್ಟು ತಿಳಿಯಾಗಿರಬೇಕಾದರೆ ಅಡುಗೆಮನೆಯ ಹಿಂದಿನ ಇಕ್ಕಟ್ಟಿನಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಉಜ್ಜುತ್ತಿರಬೇಕು ಎಂಬುದು ಅವಕ್ಕಾಗಲಿ ಅವುಗಳ ತಾಯಂದಿರಿಗಾಗಲಿ ಯಾಕೆ ಗೊತ್ತಿರಬೇಕು? ಮಗು ಕುಡಿಯುವ ಲೋಟದ ಅಂಚನ್ನು ಸೆರಗಿನಿಂದ ಎರಡೆರಡು ಸಲ ಒರೆಸುವ ತಾಯಿಗೂ ಲೋಟದೊಳಗಿನದು ಎಲ್ಲಿಂದ ಬಂತೆಂದು ಕೇಳಬೇಕೆನಿಸುವುದಿಲ್ಲ.

ಕಲ್ಯಾಣಿ ಜರಗನಹಳ್ಳಿಯ ಹಳೆಯ ಕೇರಿಯವಳು. ಸುತ್ತಲ ಹೊಲದವರೆಲ್ಲ ನಾಲ್ಕಂತಸ್ತಿನ ಬಾಡಿಗೆ ಮನೆ ಎಬ್ಬಿಸಿಕೊಂಡರೂ ಅವಳ ಅಪ್ಪ ವೆಂಕಟಸ್ವಾಮಿಯದು ಶೀಟಿನ ಮನೆಯಾಗಿಯೇ ಉಳಿದಿತ್ತು. ಆತ ಪ್ರಾಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡು ಗೋಡೆಗೆ ಬುದ್ಧನ ಪಟ ತೂಗುಹಾಕಿದ್ದ. "ಇನ್ಮೇಲೆ ನಾವು ಯಾರಿಗೂ ಕಮ್ಮಿ ಇಲ್ಲ ಕಣವ್ವ" ಎಂದು ಮಗಳ ತಲೆ ಸವರುತ್ತಿದ್ದ. ಆದರೆ ಹೋಟೆಲಿಗೆ ಸೇರಿದ ವಾರದಲ್ಲೇ ಜ್ಯೂಸ್ ಮಾಡುವ ದಾಸಪ್ಪ, "ಜರಗನಹಳ್ಳೀಲಿ ಯಾವ ಬೀದಿ?" ಎಂದು ಕೇಳಿದ್ದ. ಅವಳು ಹೇಳಿದ್ದಳು. "ಓಹೋ" ಎಂದಿದ್ದ. ಅಷ್ಟೇ. ಮಾರನೆಯ ದಿನದಿಂದ ಅವಳ ಬಾಟಲಿಗೆ ನೀರು ಹಾಕುವಾಗ ಅವನ ಜಗ್ಗು ಒಂದು ಮೊಳ ಮೇಲಕ್ಕೆ ಹೋಯಿತು.

ಆ ನೀರು ಬರುತ್ತಿದ್ದುದು ಕಲ್ಯಾಣಿಯೇ ನೋಡಿಕೊಳ್ಳುತ್ತಿದ್ದ ಫಿಲ್ಟರಿನಿಂದ. ಬೋರ್‌ವೆಲ್ ಬತ್ತಿದ ಮೇಲೆ ಹೋಟೆಲಿಗೆ ಟ್ಯಾಂಕರ್ ನೀರೇ ಗತಿ. ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುವ ಗಡಸು ನೀರು. ಅದು ಮೊದಲು ಮಣ್ಣು ಹಿಡಿಯುವ ಕ್ಯಾಂಡಲ್ ದಾಟಬೇಕು, ಆಮೇಲೆ ವಾಸನೆ ಹೀರುವ ಇದ್ದಿಲಿನ ಕ್ಯಾಂಡಲ್, ಆಮೇಲೆ ಗಡಸುತನ ಇಳಿಸುವ ಉಪ್ಪಿನ ಟ್ಯಾಂಕು. ಮಣ್ಣಿನ ಕ್ಯಾಂಡಲ್ ಕಟ್ಟಿಕೊಂಡರೆ ಅದರ ಮುಂದಿನ ಪ್ರೆಶರ್ ಮುಳ್ಳು ಕೆಳಗೆ ಬೀಳುತ್ತದೆ, ನೀರು ಸಣ್ಣದಾಗುತ್ತದೆ. ಉಪ್ಪು ಮುಗಿದರೆ ಸುಣ್ಣವೆಲ್ಲ ನೇರ ಐಸ್ ಮೆಷೀನಿಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ಬಂದೊಡನೆ ಅವಳು ನೋಡುತ್ತಿದ್ದುದು ಆ ಮುಳ್ಳನ್ನು, ಆಮೇಲೆ ಉಪ್ಪನ್ನು.

ಮಂಗಳವಾರ ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಐಸ್ ಮೆಷೀನಿನ ಸರದಿ. ಇದ್ದ ಐಸನ್ನೆಲ್ಲ ಕೌಂಟರಿನ ಐಸ್ ಪೆಟ್ಟಿಗೆಗೆ ತುಂಬಿಸಿ, ಸುಣ್ಣ ಕರಗಿಸುವ ಆಸಿಡ್ಡನ್ನು ಹೇಳಿದಷ್ಟೇ ಅಳತೆಯಲ್ಲಿ ಹಾಕಿ ಒಳಗೆಲ್ಲ ಸುತ್ತಾಡಿಸುವುದು. ಅದನ್ನು ಹೊರಬಿಟ್ಟು ಮತ್ತೆ ಮತ್ತೆ ನೀರಿನಲ್ಲಿ ಜಾಲಿಸುವುದು. ಬಿಡಿಭಾಗ ಬಿಚ್ಚಿ ನೈಲಾನ್ ಬ್ರಷ್ಷಿನಲ್ಲಿ ಉಜ್ಜುವುದು. ಅದೆಲ್ಲ ತೊಳೆದಾದ ಮೇಲಷ್ಟೇ, ಬೇರೆಯಾಗಿ, ರೋಗಾಣು ಕೊಲ್ಲುವ ಕ್ಲೋರಿನ್ ನೀರು. ಆಸಿಡ್ಡಿಗೂ ಅದಕ್ಕೂ ಎಂದೂ ಭೇಟಿಯಾಗಕೂಡದು, ಬೆರೆತರೆ ಉಸಿರು ಕಟ್ಟಿಸುವ ಗ್ಯಾಸು ಏಳುತ್ತದೆ. ಇಷ್ಟೆಲ್ಲ ಮುಗಿದು ಮೆಷೀನು ಹಾಕಿದ ಮೊದಲ ಐಸನ್ನು ಚೆಲ್ಲಬೇಕು. "ಒಳಗೆ ಎಲ್ಲಾದ್ರೂ ಕೆಮಿಕಲ್ ಉಳಿದಿದ್ರೆ ಮೊದಲನೇ ಐಸಲ್ಲೇ ಬಂದ್ಬಿಡುತ್ತೆ ಅಕ್ಕ" ಎಂದು ಕಂಪನಿಯ ಮೆಕ್ಯಾನಿಕ್ ಸೋಮನಾಥ್ ಹೇಳಿಕೊಟ್ಟಿದ್ದ.

ನೀರಿಗೆ ಬರವಿದ್ದ ಹೋಟೆಲಿನಲ್ಲಿ ಚೆಲ್ಲುವುದನ್ನೂ ಸುಮ್ಮನೆ ಚೆಲ್ಲುವಂತಿಲ್ಲ. ಆ ಐಸನ್ನು ನೀಲಿ ಟಬ್ಬಿಗೆ ಹಾಕಿ ಹಿಂಬಾಗಿಲಲ್ಲಿ ಕರಗಲು ಇಡಬೇಕು, ಕರಗಿದ ನೀರಲ್ಲಿ ಹಿತ್ತಲು ತೊಳೆಯಬೇಕು. ಹೀಗೆ ವಾರವಾರವೂ ಆ ಟಬ್ಬು ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

"ಅದ್ಯಾಕೆ ಅಷ್ಟ್ ಚೆನ್ನಾಗಿರೋ ಐಸ್ ಚೆಲ್ತಾರೆ?" ಎಂದು ಯಾರೋ ಸಪ್ಲೈಯರ್ ಒಮ್ಮೆ ಕೇಳಿದ.

"ಅವಳು ಕೈ ಹಾಕಿದ್ ಮೇಲಿನ ಮೊದಲನೇ ಐಸಲ್ವಾ ಗುರು" ಎಂದ ದಾಸಪ್ಪ. "ಕಲ್ಯಾಣಿ ಐಸು! ಕುಡಿದ್ರೆ ಸೀದಾ ಮೋಕ್ಷ."

ಎಲ್ಲರೂ ನಕ್ಕರು. ಮ್ಯಾನೇಜರ್ ಶಶಿಕಾಂತ್ ಕೂಡ ಹಲ್ಲು ಬಿಟ್ಟ. ಕಲ್ಯಾಣಿ "ಹಂಗಲ್ಲ ಅಣ್ಣ, ಆಸಿಡ್ ಇರುತ್ತೆ ಅಂತ..." ಎಂದು ಶುರುಮಾಡಿದಳು. "ಹೌದೌದು, ನಿಂದು ಆಸಿಡ್ಡೇ" ಎಂದ ದಾಸಪ್ಪ. ಮತ್ತೆ ನಕ್ಕರು. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಆ ಹೆಸರು ಟಬ್ಬಿಗೆ ಅಂಟಿಕೊಂಡಿತು.

ಅವಳಿಗೆ ಬೇಕಿದ್ದುದು ಒಂದೇ. ಮುಂದಿನ ಜ್ಯೂಸ್ ಕೌಂಟರು. ಅಲ್ಲಿ ಮೆರೂನ್ ಬಣ್ಣದ ಏಪ್ರನ್ ಇತ್ತು, ಕೈ ಸುಡುವ ಆಸಿಡ್ ಇರಲಿಲ್ಲ, ಜನ "ಮೇಡಂ, ಒಂದು ವಾಟರ್‌ಮೆಲನ್" ಎನ್ನುತ್ತಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಪ್ರಿಯಾಂಕಾ ಶಾಲೆಯಲ್ಲಿ, "ನಮ್ಮಮ್ಮ ಜ್ಯೂಸ್ ಕೌಂಟರಲ್ಲಿ ಇರೋದು" ಎಂದು ಆಗಲೇ ಹೇಳಿಬಿಟ್ಟಿದ್ದಳು. ಗೆಳತಿಯರು ಬರುತ್ತೇವೆ ಎನ್ನುತ್ತಿದ್ದರು. "ಯಾವಾಗಮ್ಮ ಕರ್ಕೊಂಡ್ ಬರ್ಲಿ?" ಎಂದು ಮಗಳು ಕೇಳಿದಾಗಲೆಲ್ಲ ಕಲ್ಯಾಣಿ ಬಿರಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತಾ, "ಪರೀಕ್ಷೆ ಮುಗೀಲಿ" ಎನ್ನುತ್ತಿದ್ದಳು. ಪರೀಕ್ಷೆ ಮುಗಿದರೆ ಇನ್ನೇನು ಹೇಳುವುದೋ ಅವಳಿಗೇ ಗೊತ್ತಿರಲಿಲ್ಲ.

ಕೌಂಟರಿನಲ್ಲಿ ಲೋಟ ತುಂಬಿ ಕೊಡುವ ಜಾಗ ಖಾಲಿಯಾದಾಗ ಶಶಿಕಾಂತ್ ಅದನ್ನು ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ, ಮುಧೋಳದ ಕಡೆಯಿಂದ ಬಂದ ರಾಜಶ್ರೀ ಎಂಬ ಹುಡುಗಿಗೆ ಕೊಟ್ಟ. "ನೀನು ಹಿಂದೆ ಇದ್ರೇನೇ ಚೆಂದ ಕಲ್ಯಾಣಿ. ನಿನ್ ಬಿಟ್ರೆ ಆ ಮೆಷೀನ್ ಯಾರ್ ನೋಡ್ಕೋತಾರೆ?" ಎಂದ, ಹೊಗಳಿದವನ ಹಾಗೆ. ಮೇಲಿಂದ, "ಹೊಸಬಳಿಗೆ ನೀನೇ ಕೆಲಸ ಕಲಿಸ್ಬಿಡು" ಎಂದ.

ಕಲಿಸಿದಳು. ಡಿಸ್ಪೆನ್ಸರಿನ ನಲ್ಲಿಯ ತುದಿಯನ್ನು ದಿನಾ ತಿರುಗಿಸಿ ಬಿಚ್ಚುವುದು, ಒಳಗೆ ಬೆರಳಾಡಿಸಿದರೆ ಲೋಳೆ ಹತ್ತುತ್ತದೆಯೇ ನೋಡುವುದು, ಬಿಸಿನೀರಲ್ಲಿ ಉಜ್ಜಿ ಕ್ಲೋರಿನ್ ನೀರಲ್ಲಿ ನೆನೆಹಾಕುವುದು. ಜ್ಯೂಸಿನ ಬೋಗುಣಿ ಎತ್ತಿ ಅದರ ಕೆಳಗಿನ ರಬ್ಬರಿನ ಬಳೆ ತೆಗೆದು ತೋರಿಸಿದಾಗ ಅದರ ಮಡಿಕೆಯಲ್ಲಿ ಕಪ್ಪಗೆ ಕಟ್ಟಿಕೊಂಡಿದ್ದನ್ನು ಕಂಡು ರಾಜಶ್ರೀ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯಯ್ಯ! ಇದನ್ನ ಮಂದಿ ಕುಡೀತಿದ್ರೇನ್ರೀ ಅಕ್ಕಾ?"

"ಇಷ್ಟ್ ದಿನ ಬಿಚ್ಚಿದ್ ಯಾರು? ಮೇಲೆ ಒರೆಸಿದ್ರೆ ಫಳಫಳ ಅನ್ನುತ್ತಲ್ಲ. ಐಸ್ ಎತ್ತೋ ಸ್ಕೂಪ್ ಐಸಲ್ಲೇ ಬಿಡಬೇಡ, ಹೊರಗೆ ಅದರ ಜಾಗದಲ್ಲಿಡು. ಬರೀ ಕೈ ಅಂತೂ ಹಾಕ್ಲೇಬೇಡ."

ಹುಡುಗಿ ಚುರುಕು. ಅದಕ್ಕಿಂತ ಹೆಚ್ಚಾಗಿ, ಒಳ್ಳೆಯವಳು. ದಾಸಪ್ಪ ಮೇಲಿನಿಂದ ನೀರು ಸುರಿಯುವುದನ್ನು ಒಂದು ದಿನ ನೋಡಿದಳು. ಮಾರನೆಯ ದಿನ ತನ್ನ ಲೋಟವನ್ನೇ ತುಂಬಿ ಕಲ್ಯಾಣಿಯ ಕೈಗಿಟ್ಟು, ಅವಳು ಕುಡಿದು ಕೊಟ್ಟ ಲೋಟದಲ್ಲೇ ಎಲ್ಲರೆದುರು ತಾನೂ ಕುಡಿದಳು. ಕಲ್ಯಾಣಿಗೆ ಇಷ್ಟವಾಯಿತು. ಸಿಟ್ಟೂ ಬಂತು. ತನ್ನ ಕೌಂಟರು ಕಿತ್ತುಕೊಂಡವಳು ಒಳ್ಳೆಯವಳಾಗಿರುವುದು ದೊಡ್ಡ ತೊಂದರೆ, ದ್ವೇಷಿಸಲೂ ಆಗುವುದಿಲ್ಲ.

ಒಂದು ಮಂಗಳವಾರ ರಾಜಶ್ರೀ ಟಬ್ಬು ನೋಡಿ ಕೇಳಿದಳು. "ಅಕ್ಕಾ, ಇದಕ್ಕ ನಿಮ್ಮ ಹೆಸರ ಯಾಕ ಇಟ್ಟಾರ? ಯಾಕ ಚೆಲ್ಲತೀರಿ ಇದನ್ನ?"

ಹೇಳಬಹುದಿತ್ತು. ಒಂದೇ ಮಾತು. ಆದರೆ ಆಸಿಡ್ಡಿನ ಮಾತೆತ್ತಿದಾಗಿನ ಆ ನಗು ನೆನಪಾಯಿತು. "ಬಿಡು, ಅವರ ಬಾಯಿ" ಎಂದಳು.

ಎಲ್ಲವನ್ನೂ ಕಲಿಸಿದವಳು ಅದೊಂದನ್ನು ಕಲಿಸಲಿಲ್ಲ. ಹುಡುಗಿ ಟಬ್ಬನ್ನೂ ಕಲ್ಯಾಣಿಯ ಮುಖವನ್ನೂ ನೋಡಿ ತನಗೆ ತೋಚಿದ ಅರ್ಥ ಮಾಡಿಕೊಂಡಳು. ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಏಪ್ರಿಲ್ಲಿನ ಬಿಸಿಲು ಏರಿತು. ಟ್ಯಾಂಕರ್ ನೀರು ಕೆಂಪಗೆ ಬರತೊಡಗಿತು. ಮುಳ್ಳು ಇಳಿದಿದೆ, ಕ್ಯಾಂಡಲ್ ಬದಲಿಸಬೇಕು, ಉಪ್ಪೂ ತಳ ಕಂಡಿದೆ ಎಂದು ಕಲ್ಯಾಣಿ ಶಶಿಕಾಂತನಿಗೆ ಹೇಳಿದಳು. "ತರಿಸ್ತೀನಮ್ಮ" ಎಂದ. ಮತ್ತೆ ಹೇಳಿದಳು. "ನೀನೇನು ಓನರ್ರಾ?" ಎಂದ.

ಆ ಭಾನುವಾರ ಬೆಳಿಗ್ಗೆ ಐಸು ಬೆಳ್ಳಗೆ, ಮಂಕಾಗಿ, ಬಿಸ್ಕತ್ತಿನ ಹಾಗೆ ತೆಳ್ಳಗೆ ಬೀಳುತ್ತಿತ್ತು. ಮೆಷೀನಿನೊಳಗೆ ಐಸು ಕಟ್ಟುವ ತಟ್ಟೆಯ ತುಂಬ ಸುಣ್ಣ ಕೂತಿತ್ತು. ಮಧ್ಯಾಹ್ನಕ್ಕೆ ಒಂದು ಮಗುವಿನ ಬರ್ತ್‌ಡೇ ಪಾರ್ಟಿ ಬುಕ್ಕಾಗಿತ್ತು.

"ಈಗಲೇ ಕ್ಲೀನ್ ಮಾಡು" ಎಂದ ಶಶಿಕಾಂತ್.

"ಸಾರ್, ನೀರು ದಾರದ ಹಂಗೆ ಬರ್ತಿದೆ. ಜಾಲಿಸೋಕೇ ಹೊತ್ತಾಗುತ್ತೆ. ಐಸ್ ಮೂಟೆ ತರಿಸ್ಬಿಡಿ ಸಾರ್, ನಾನು ನಿಧಾನಕ್ಕೆ..."

"ಮೂಟೆ ಹೇಳಿದೀನಿ, ಬನಶಂಕರಿಯಿಂದ ಬರ್ತಿದೆ. ನೀನು ಬಾಯಿ ಮುಚ್ಕೊಂಡು ಕೈ ಆಡ್ಸು."

ಅವಳು ಆಸಿಡ್ ಹಾಕಿದಳು. ಸುತ್ತಿಸಿದಳು. ಹೊರಬಿಟ್ಟಳು. ಜಾಲಿಸಲು ನೀರು ತುಂಬುವುದನ್ನು ಕಾಯುತ್ತಾ ಕೂತಳು. ತೊಟ್ಟಿ ತುಂಬಲೊಲ್ಲದು. ಶಶಿಕಾಂತ್ ಎರಡು ಸಲ ಬಂದು ತಲೆಯ ಮೇಲೆ ನಿಂತ. ಮೂರನೆಯ ಸಲ ಅವನೇ ಕೈ ಚಾಚಿ ಗುಂಡಿಯನ್ನು ಐಸಿನ ಕಡೆಗೆ ಒತ್ತಿದ. "ಸಾಕು ಬಿಡು. ತೊಳೆದಿದ್ದೇ ತೊಳೀತಾ ಕೂತ್ರೆ ಆಗುತ್ತಾ?"

ಜಾಲಿಸಿದ್ದು ಸಾಲದೆಂದು ಅವಳ ಮೂಗೇ ಹೇಳುತ್ತಿತ್ತು. ಒಳಗಿನಿಂದ ಇನ್ನೂ ಹುಳಿ ವಾಸನೆ. ಆದರೂ ಸುಮ್ಮನಾದಳು. ಹೇಗೂ ಮೊದಲ ಐಸು ಚೆಲ್ಲುವುದೇ, ಎರಡನೆಯದನ್ನೂ ಚೆಲ್ಲಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಬಿದ್ದ ಐಸನ್ನು ಟಬ್ಬಿಗೆ ಹಾಕಿ ಹಿಂಬಾಗಿಲಲ್ಲಿ ಇಟ್ಟಳು. ಅಷ್ಟರಲ್ಲಿ ಪಾರ್ಟಿಯ ಮಕ್ಕಳು ಬಂದಾಗಿತ್ತು, ಊಟದ ಹಾಲ್‌ನಲ್ಲಿ ಯಾವುದೋ ಮಗು ಸಾಂಬಾರು ಚೆಲ್ಲಿತು. "ಕಲ್ಯಾಣೀ, ಮಾಪ್ ತಗೊಂಡ್ ಬಾ!"

ಅವಳು ನೆಲ, ಮೇಜು, ಕುರ್ಚಿ ಎಲ್ಲ ಒರೆಸಿ ಬಂದಾಗ ಟಬ್ಬು ಖಾಲಿಯಾಗಿತ್ತು.

ಒಂದು ಕ್ಷಣ ಅವಳ ಮನಸ್ಸು ತುಂಬಿ ಬಂತು. ಪಾಪ, ಹುಡುಗಿಯೇ ಚೆಲ್ಲಿರಬೇಕು, ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಒಬ್ಬರಾದರೂ ಕೈ ಜೋಡಿಸಿದರಲ್ಲ ಎಂದುಕೊಂಡಳು. ಆಮೇಲೆ ಹಿತ್ತಲ ನೆಲ ನೋಡಿದಳು. ನೆಲ ಒಣಗಿತ್ತು.

"ರಾಜಶ್ರೀ!" ಎಂದು ಕೂಗಿ ಒಳಗೆ ಓಡುವಷ್ಟರಲ್ಲಿ ಊಟದ ಹಾಲ್‌ನಿಂದ ಕಿರುಚಾಟ ಕೇಳಿಬಂತು.

ಹುಟ್ಟುಹಬ್ಬದ ಮಗುವೇ. ಹೊಳೆಯುವ ಟೋಪಿ ಹಾಕಿಕೊಂಡ ಪುಟ್ಟ ಹುಡುಗಿ ನಾಲಿಗೆ ಹೊರಚಾಚಿ ಅಳುತ್ತಿದ್ದಳು. ಜ್ಯೂಸ್ ಮುಗಿಸಿ ಐಸನ್ನು ಬಾಯಿಗೆ ಹಾಕಿಕೊಂಡು ಚೀಪಿದ್ದಳಂತೆ. ತುಟಿಯ ಸುತ್ತ ಕೆಂಪಗೆ ಏರಿತ್ತು. ನೋಡುತ್ತಿದ್ದಂತೆ ತಾಯಿಯ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು. ಇನ್ನೆರಡು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದವು. ತಾಯಿ ಮಗುವಿನ ಬಾಯೊಳಗೆ ಬೆರಳು ಹಾಕಿ ಒರೆಸುತ್ತಾ, ಒರೆಸುತ್ತಾ, "ಏನ್ ಹಾಕಿದ್ರಿ? ನನ್ ಮಗೂಗೆ ಏನ್ ಹಾಕಿದ್ರಿ?" ಎಂದು ಒಂದೇ ಸಮನೆ ಕೇಳುತ್ತಿದ್ದಳು. ಸುತ್ತಲವರ ಮೊಬೈಲುಗಳು ಮೇಲೆದ್ದಿದ್ದವು.

ಕೌಂಟರಿನ ಹಿಂದೆ ರಾಜಶ್ರೀ ಸ್ಕೂಪ್ ಹಿಡಿದುಕೊಂಡೇ ನಿಂತಿದ್ದಳು. ಮೂಟೆ ಬಂದಿರಲಿಲ್ಲ. ಪೆಟ್ಟಿಗೆ ಖಾಲಿಯಾಗಿತ್ತು. "ಐಸಿಲ್ಲಮ್ಮ, ಇರೋದು ಬರೀ ಕಲ್ಯಾಣಿ ಐಸು" ಎಂದು ದಾಸಪ್ಪ ಕಿಸಕ್ಕನೆ ನಕ್ಕಿದ್ದ. ಹುಡುಗಿಗೆ ರೇಗಿತ್ತು. "ಯಾಕ, ಅಕ್ಕನ ಕೈಗೆ ಏನಾಗೇದ? ನಿಮ್ಮ ಕೈಗಿಂತ ಸ್ವಚ್ಛ ಅದಾವು. ನಾ ಹಾಕ್ತೀನಿ ನೋಡ್ರಿ!" ಎಂದು ಟಬ್ಬಿನಿಂದ ಮೊಗೆದು ಮೊಗೆದು ಲೋಟಗಳಿಗೆ ತುಂಬಿದ್ದಳು.

ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಬಾಯಿ, ಗಂಟಲು ಉರಿದಿದೆ, ಜೀವಕ್ಕೆ ಭಯವಿಲ್ಲ ಎಂಬ ಸುದ್ದಿ ಬಂತು. ಆದರೆ ಮಗುವಿನ ತಂದೆ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ. ಯಾರು ಹೀಗೆ ಮಾಡಿದ್ದೆಂದು ಅವನಿಗೆ ಗೊತ್ತಾಗಬೇಕಿತ್ತು. ಶಶಿಕಾಂತ್ ಕಲ್ಯಾಣಿ, ರಾಜಶ್ರೀ ಇಬ್ಬರನ್ನೂ ಸ್ಟೋರ್ ರೂಮಿಗೆ ಕರೆದ. ದಾಸಪ್ಪ ಬಾಗಿಲಿಗೆ ಅಡ್ಡ ನಿಂತ.

"ಸಾರ್, ನಂಗ ಗೊತ್ತಿರಲಿಲ್ರೀ" ಎಂದಳು ರಾಜಶ್ರೀ. "ಎಲ್ಲಾರೂ ಅಕ್ಕನ ಕೈಯಿ ಅಂತ ನಗತಿದ್ರು. ನಾ ಅದಕ್ಕ ಚೆಲ್ಲತಾರ ಅನ್ಕೊಂಡೆ. ಆಸಿಡ್ ಅಂತ ಯಾರ್ ಹೇಳ್ಯಾರ್ರೀ ನಂಗ?"

ಶಶಿಕಾಂತ್ ಅವಳ ಕಡೆ ನೋಡಲಿಲ್ಲ. ಗುಂಡಿ ಒತ್ತಿದ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಕಲ್ಯಾಣಿಯನ್ನು ದಿಟ್ಟಿಸಿದ.

"ನೋಡು ಕಲ್ಯಾಣಿ. ಕ್ಲೀನ್ ಮಾಡಿದ್ದು ನೀನು. ಟಬ್ ಇಟ್ಟಿದ್ದು ನೀನು. ಕೆಲಸ ಕಲಿಸಿದ್ದೂ ನೀನೇ. ಮೊದಲನೇ ಐಸ್ ಚೆಲ್ಲಬೇಕು ಅಂತ ಇವಳಿಗೆ ಹೇಳಿದ್ದೆ ತಾನೆ? ಹೇಳಿದ್ರೆ ತಪ್ಪು ಇವಳದು. ಹೇಳಿಲ್ಲ ಅಂದ್ರೆ..." ಆಮೇಲೆ ಮೆತ್ತಗೆ, "ಕೌಂಟರಿಗೆ ಬೇರೆ ಯಾರಾದ್ರೂ ಬೇಕಾಗುತ್ತೆ ಹೇಗಿದ್ರೂ" ಎಂದ.

ಗುಂಡಿ ಒತ್ತಿದ್ದು ನೀವು ಎನ್ನಬಹುದಿತ್ತು. ಕ್ಯಾಂಡಲ್ ತರಿಸಲಿಲ್ಲ ಎನ್ನಬಹುದಿತ್ತು. ಆ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಬಾಗಿಲಲ್ಲಿ ನಿಂತ ಆ ತಂದೆಯೇ? ದಾಸಪ್ಪನೇ? ಕಲ್ಯಾಣಿಯ ಕಣ್ಣ ಮುಂದೆ ಮಗಳು ಬಂದಳು, ಮಗಳ ಗೆಳತಿಯರು ಬಂದರು, ಪೊಲೀಸರೂ ಬಂದರು. ಗೋಡೆಯ ಬುದ್ಧನ ಪಟ ಬರಲಿಲ್ಲ, ಅಪ್ಪನ ಮಾತೂ ಬರಲಿಲ್ಲ. ತನ್ನ ಹೆಸರನ್ನು ತೊಳೆಯಲೆಂದೇ ಹುಡುಗಿ ಆ ಐಸು ಮೊಗೆದದ್ದು ಎಂಬುದಂತೂ ಎದುರಿಗೇ ನಿಂತು ನಡುಗುತ್ತಿತ್ತು.

"ಹೇಳಿದ್ದೆ ಸಾರ್" ಎಂದಳು.

ರಾಜಶ್ರೀ ತಿರುಗಿದಳು. ಬೈಯುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದು ಕಲ್ಯಾಣಿ ಹೆಗಲು ಕುಗ್ಗಿಸಿಕೊಂಡಳು. ಹಿಡಿಯಲಿಲ್ಲ.

"ಅಕ್ಕಾ, ನಾ ಕೇಳಿದ್ದೆನಲ್ಲ ನಿಮ್ಮನ್ನ" ಎಂದಳು, ಅಷ್ಟೇ. "ಯಾಕ ಚೆಲ್ಲತೀರಿ ಅಂತ ನಾ ಕೇಳಿದ್ದೆನಲ್ಲ."

"ಹೇಳಿದ್ದೆ" ಎಂದಳು ಕಲ್ಯಾಣಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಎರಡನೆಯ ಸಲ ಅದು ಸಲೀಸಾಗಿ ಬಂತು.

ಏಪ್ರನ್ ಬಿಚ್ಚಿಸಿಕೊಂಡು ಹುಡುಗಿಯನ್ನು ಆ ತಂದೆಯ ಎದುರಿಗೆ ನಿಲ್ಲಿಸಿದರು. ಅವನು ಹೊಡೆಯಲಿಲ್ಲ. ಬೈದ, ಅವಳ ಊರು, ಅವಳ ಭಾಷೆ, ಅವಳ ತಾಯಿ ಎಲ್ಲವನ್ನೂ ಸೇರಿಸಿ, ಜನ ಚಿತ್ರ ತೆಗೆದುಕೊಳ್ಳುವಷ್ಟು ಹೊತ್ತು ಬೈದ. ಅವಳು ಕೈ ಮುಗಿದುಕೊಂಡೇ ನಿಂತಿದ್ದಳು. ಕಲ್ಯಾಣಿ ಅದನ್ನು ಹಿಂದಿನಿಂದ ನೋಡಿದಳು. ಆಮೇಲೆ ಹೋಗಿ ಮೆಷೀನಿನಲ್ಲಿ ಉಳಿದಿದ್ದ ಐಸನ್ನೆಲ್ಲ ಚೆಲ್ಲಿ, ನೀರು ತುಂಬುವವರೆಗೂ ಕಾದು, ಜಾಲಿಸಬೇಕಾದಷ್ಟು ಜಾಲಿಸಿದಳು. ಈಗ ಅವಳನ್ನು ಯಾರೂ ಅವಸರಪಡಿಸಲಿಲ್ಲ. ಹೊಸ ಕ್ಯಾಂಡಲ್, ಉಪ್ಪಿನ ಚೀಲ ಎರಡೂ ಮಾರನೆಯ ಬೆಳಿಗ್ಗೆಯೇ ಬಂದವು.

ಕೌಂಟರಿನ ಏಪ್ರನ್ನು ಕಲ್ಯಾಣಿಗೆ ಭುಜದಲ್ಲಿ ಸ್ವಲ್ಪ ಬಿಗಿಯಾಗಿತ್ತು. ಹೊಲಿಗೆ ಬಿಚ್ಚಿ ಹಾಕಿಕೊಂಡಳು. ಕೈಗಳ ಬಿರುಕು ಮುಚ್ಚಿಕೊಂಡವು. ದಾಸಪ್ಪ ಈಗ "ಕಲ್ಯಾಣಮ್ಮ" ಎನ್ನುತ್ತಿದ್ದ. ಜಗ್ಗು ಮಾತ್ರ ಇದ್ದ ಎತ್ತರದಲ್ಲೇ ಇತ್ತು. ಅವಳಿಗೆ ಅದು ಬೇಕಿರಲಿಲ್ಲ. ನಲ್ಲಿ ಅವಳ ಕೈಯಳತೆಯಲ್ಲೇ ಇತ್ತು. ಹಿಂದಿನ ಕೆಲಸಕ್ಕೆ ಅವಳದೇ ಕೇರಿಯ ಮಾರಮ್ಮನನ್ನು ತೆಗೆದುಕೊಂಡರು. ಬ್ರಷ್ಷು, ಅಳತೆ, ಆಸಿಡ್ಡು, ಎಲ್ಲವನ್ನೂ ಕಲಿಸಿದ್ದು ಕಲ್ಯಾಣಿಯೇ. "ಮೊದಲನೇದು ಚೆಲ್ಲು" ಎಂದಳು. ಯಾಕೆಂದು ಮಾರಮ್ಮ ಆಗ ಕೇಳಲಿಲ್ಲ.

ಶಾಲೆಗೆ ರಜೆ ಸಿಕ್ಕ ವಾರ, ಒಂದು ಮಂಗಳವಾರ ಮಧ್ಯಾಹ್ನ, ಪ್ರಿಯಾಂಕಾ ಕೊನೆಗೂ ಗೆಳತಿಯರನ್ನು ಕರೆತಂದಳು. ಮೂವರೂ ಕೌಂಟರಿಗೆ ಮೊಣಕೈ ಊರಿ ನಿಂತರು. "ಆಂಟಿ, ಸಖತ್ತಾಗಿದೆ ನಿಮ್ ಕೌಂಟರು!" ಕಲ್ಯಾಣಿ ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿ, ನಲ್ಲಿಯ ತುದಿಯನ್ನು ಬಿಚ್ಚಿ ಮೂಸಿ ನೋಡಿ, ಮತ್ತೆ ಹಾಕಿ, ಜ್ಯೂಸು ತುಂಬಿಸಿದಳು. ಮಗಳ ಮುಖ ಅರಳಿತ್ತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ.

ಅಷ್ಟರಲ್ಲಿ ಹಿಂದಿನಿಂದ ಮಾರಮ್ಮ ನೀಲಿ ಟಬ್ಬು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಒಳಗೆ ಐಸು ಥಳಥಳ ಹೊಳೆಯುತ್ತಿತ್ತು.

"ಬಂತು ನೋಡಪ್ಪ ಮಾರಮ್ಮ ಐಸು!" ಎಂದ ದಾಸಪ್ಪ. "ಕುಡಿದ್ರೆ ಸೀದಾ ಮೋಕ್ಷ."

ಮಕ್ಕಳಿಗೆ ಏನೂ ತಿಳಿಯದಿದ್ದರೂ ಅವನು ಹೇಳಿದ ರೀತಿಗೆ ನಗು ಬಂತು. ಎಲ್ಲರಿಗಿಂತ ಜೋರಾಗಿ ಪ್ರಿಯಾಂಕಾ ನಕ್ಕಳು.

ಮಾರಮ್ಮನ ಮುಖ ಸಣ್ಣದಾಯಿತು. "ಕಲ್ಯಾಣಿ, ಇದನ್ಯಾಕೆ ಚೆಲ್ಲದು ನಾವು? ಅವ್ರು ಹಿಂಗಂತಾರಲ್ಲ. ನೀನಾದ್ರೂ ಹೇಳವ್ವ."

ಮಗಳು ಲೋಟ ಕಚ್ಚಿಕೊಂಡು ಅಮ್ಮನನ್ನೇ ನೋಡುತ್ತಿದ್ದಳು. ದಾಸಪ್ಪನೂ. ಹೇಳಲು ಹೊರಟರೆ ತಾನೂ ಅಲ್ಲಿ ಕೈ ಹಾಕುತ್ತಿದ್ದವಳು, ಆ ಟಬ್ಬಿಗೆ ಮೊದಲು ತನ್ನದೇ ಹೆಸರಿತ್ತು ಎಂಬಲ್ಲಿಂದಲೇ ಶುರುವಾಗಬೇಕಿತ್ತು.

"ದೂರ ಒಯ್ಯಿ ಮಾರಮ್ಮ" ಎಂದಳು ಕಲ್ಯಾಣಿ. "ಅದನ್ನ ಯಾರೂ ಮುಟ್ಟಬಾರದು."

"ಯಾಕೆ ಆಂಟಿ?" ಎಂದಿತು ಒಂದು ಹುಡುಗಿ.

"ಅದು ಹಂಗೇ ಪುಟ್ಟ. ನೀವು ಕುಡೀರಿ" ಎಂದು ಪೆಟ್ಟಿಗೆಯಿಂದ ಇನ್ನೊಂದು ಸ್ಕೂಪ್ ಐಸು ಎತ್ತಿ ಅವರ ಲೋಟಗಳಿಗೆ ಹಾಕಿದಳು.